ಎರಡನೇ ದೇಣಿಗೆಯ ಲೆಕ್ಕ

ಅಕ್ಟೋಬರ್ 2ರಿಂದ 8ರವರೆಗೆ ದೇಶದ ಅನೇಕ ಊರುಗಳಲ್ಲಿ ದಾನ್ ಉತ್ಸವ ನಡೆಯುತ್ತದೆ. 2009ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಈ ವಾರ ಈಗ ಸೇವಾ ಸಂಸ್ಥೆಗಳಿಗೆ ಒಂದು ಸುಗ್ಗಿ. ಇದೇ ಹೊತ್ತಿಗೆ ಅಭಿಯಾನ ಇಟ್ಟುಕೊಂಡು, ತಿಂಗಳು ಮುಗಿಯುತ್ತಿದ್ದಂತೆ ಟ್ರಸ್ಟಿಗಳ ವಾಟ್ಸ್ಆ್ಯಪ್ ಗುಂಪಿಗೆ ‘ಇಷ್ಟು ಲಕ್ಷ ಸಂಗ್ರಹವಾಯಿತು’ ಎಂದು ಸಂದೇಶ ಹಾಕುತ್ತಾರೆ. ಎಲ್ಲರೂ ಕೈ ಮುಗಿದ ಚಿತ್ರ ಕಳಿಸುತ್ತಾರೆ, ಅಭಿಯಾನದ ಕಡತ ಅಲ್ಲಿಗೆ ಮುಚ್ಚಿಹೋಗುತ್ತದೆ.

ಆ ಕಡತವನ್ನು ಇನ್ನೊಂದು ವರ್ಷ ತೆರೆದಿಡಬೇಕು ಎನ್ನುವುದು ನನ್ನ ವಾದ. ಹೊಸ ದಾನಿಗಳನ್ನು ಹುಡುಕುವ ಅಭಿಯಾನ ಲಾಭವೋ ನಷ್ಟವೋ ಎನ್ನುವುದು ಹಣ ಬಂದ ದಿನ ಗೊತ್ತಾಗುವುದಿಲ್ಲ. ಅದಕ್ಕೆ ಮೂರು ಅಂಕಿಗಳು ಬೇಕು. ಒಬ್ಬ ಹೊಸ ದಾನಿಯನ್ನು ತರಲು ಎಷ್ಟು ಖರ್ಚಾಯಿತು? ಬಂದವರಲ್ಲಿ ಎಷ್ಟು ಜನ ಮತ್ತೆ ಕೊಟ್ಟರು? ಮೊದಲ ಹನ್ನೆರಡು ತಿಂಗಳಲ್ಲಿ ಒಬ್ಬ ದಾನಿಯಿಂದ ಸರಾಸರಿ ಎಷ್ಟು ಹಣ ಬಂತು? ಮೂರನ್ನೂ ಒಟ್ಟಿಗೆ ಇಟ್ಟು ಓದಿದಾಗ, ಅಗ್ಗವಾಗಿ ಕಂಡದ್ದು ದುಬಾರಿಯಾಗಿಯೂ, ಸೋತಂತೆ ಕಂಡದ್ದು ಗೆದ್ದಂತೆಯೂ ತೋರುವುದುಂಟು.

ಲೆಕ್ಕ ಕಣ್ಣಿಗೆ ಕಟ್ಟಲೆಂದು ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಧಾರವಾಡದ ಕಡೆ ಕಿವುಡ ಮಕ್ಕಳ ಒಂದು ವಸತಿ ಶಾಲೆ. ಮಕ್ಕಳಿಗೆ ಶ್ರವಣ ಸಾಧನ, ಅದರ ಬ್ಯಾಟರಿ, ಮಾತು ಕಲಿಸುವ ಶಿಕ್ಷಕಿಯ ಸಂಬಳ, ಇವುಗಳಿಗಾಗಿ ಅಕ್ಟೋಬರ್ ತಿಂಗಳಿಡೀ ಅಭಿಯಾನ ಮಾಡಿತು ಎನ್ನಿ. ಸಂಸ್ಥೆಯೂ ಅಂಕಿಗಳೂ ನನ್ನ ಊಹೆ. ಆದರೆ ಅಂಕಿಗಳ ನಡುವಿನ ಸಂಬಂಧ ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಿನಾ ನೋಡುವಂಥದ್ದೇ.

ಶಾಲೆ ಮೂರು ದಾರಿ ಹಿಡಿಯಿತು. ಒಂದು, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತು. ಎರಡು, ಹುಬ್ಬಳ್ಳಿ ಮತ್ತು ಬೆಂಗಳೂರಿನ ಮಾಲ್‌ಗಳಲ್ಲಿ ಮೇಜು ಹಾಕಿ, ಎದುರು ಸಿಕ್ಕವರೊಡನೆ ಮಾತಾಡಿ ತಿಂಗಳಿಗೆ 300 ರೂಪಾಯಿ ಕೊಡುವಂತೆ ಒಪ್ಪಿಸುವುದು. ಹೀಗೆ ಮುಖಾಮುಖಿ ನಿಂತು ಮಾಸಿಕ ದಾನಿಗಳನ್ನು ಸೇರಿಸುವ ಪದ್ಧತಿ 1990ರ ದಶಕದಲ್ಲಿ ಆಸ್ಟ್ರಿಯಾದಲ್ಲಿ ಗ್ರೀನ್‌ಪೀಸ್ ಸಂಸ್ಥೆಗಾಗಿ ರೂಪುಗೊಂಡು ಆಮೇಲೆ ಜಗತ್ತಿನೆಲ್ಲೆಡೆ ಹಬ್ಬಿತು. ಮೂರನೆಯದು ಹಳೆಯ ದಾರಿ. ಈಗಾಗಲೇ ಕೊಡುತ್ತಿರುವ ದಾನಿಗಳಿಗೆ ಕಾಗದ ಬರೆದು, ಫೋನ್ ಮಾಡಿ, ‘ನಿಮ್ಮ ಬಳಗದಲ್ಲಿ ಯಾರಿಗಾದರೂ ಹೇಳುತ್ತೀರಾ’ ಎಂದು ಕೇಳುವುದು.

ತಿಂಗಳ ಕೊನೆಗೆ ವಾಟ್ಸ್ಆ್ಯಪ್ ಗುಂಪಿಗೆ ‘ಆರು ಲಕ್ಷ ರೂಪಾಯಿ ಸಂಗ್ರಹ’ ಎಂಬ ಸಂದೇಶ ಹೋಯಿತು. ನಮ್ಮ ಲೆಕ್ಕ ಶುರುವಾಗುವುದು ಇಲ್ಲಿಂದ.

ಮೊದಲು ಜಾಹೀರಾತಿನ ದಾರಿಯನ್ನೇ ನೋಡೋಣ. ಜಾಹೀರಾತಿಗೆ ಕಟ್ಟಿದ ಹಣ 2,40,000 ರೂಪಾಯಿ. ಬಂದ ಪಾವತಿ 640. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ತಲಾ 375 ರೂಪಾಯಿ. ಹೆಚ್ಚಿನ ವರದಿಗಳಲ್ಲಿ ಕಾಣುವುದು ಇಂಥ ಅಂಕಿಯೇ. ಇದರಲ್ಲಿ ಮೇಲಿನ ಸಂಖ್ಯೆಯೂ ತಪ್ಪು, ಕೆಳಗಿನದೂ ತಪ್ಪು.

ಮೇಲಿನದರಲ್ಲಿ ಬಿಟ್ಟುಹೋದದ್ದು ಮನುಷ್ಯರ ದುಡಿಮೆ. ಮಕ್ಕಳ ತರಗತಿಯ ಚಿಕ್ಕ ವಿಡಿಯೊ ತೆಗೆಸಲು, ಪೋಸ್ಟರ್ ಮಾಡಿಸಲು 25,000 ಆಗಿದೆ. ಆ ತಿಂಗಳು ಇಬ್ಬರು ಸಿಬ್ಬಂದಿ ಬೇರೆ ಕೆಲಸ ಬಿಟ್ಟು ಇದನ್ನೇ ಮಾಡಿದ್ದಾರೆ. ಅವರ ಸಂಬಳದ ಪಾಲು 35,000. ಸಂಬಳ ಹೇಗಿದ್ದರೂ ಕೊಡಲೇಬೇಕಿತ್ತಲ್ಲ, ಅದನ್ನೇಕೆ ಇಲ್ಲಿ ಸೇರಿಸಬೇಕು ಎಂದು ಟ್ರಸ್ಟಿಗಳು ಕೇಳುತ್ತಾರೆ. ಸೇರಿಸದಿದ್ದರೆ ಸಿಬ್ಬಂದಿಯ ಬೆವರು ಹೆಚ್ಚು ಬೇಡುವ ದಾರಿಗಳೆಲ್ಲ ಅಗ್ಗವಾಗಿ ಕಾಣುತ್ತವೆ, ಮುಂದಿನ ವರ್ಷ ಅವನ್ನೇ ಹಿಗ್ಗಿಸಲು ಹೋಗಿ ಸಂಸ್ಥೆ ಕೈಸೋಲುತ್ತದೆ. ಹಾಗಾಗಿ ನಿಜವಾದ ಖರ್ಚು ಮೂರು ಲಕ್ಷ.

ಕೆಳಗಿನ ಸಂಖ್ಯೆಯಲ್ಲಿ ಇನ್ನೂ ದೊಡ್ಡ ಗೊಂದಲವಿದೆ. 640 ಪಾವತಿ ಎಂದರೆ 640 ಹೊಸ ದಾನಿಗಳಲ್ಲ. ಪಟ್ಟಿಯನ್ನು ಫೋನ್ ನಂಬರ್, ಇಮೇಲ್, ಪಾನ್ ಹೀಗೆ ಒಂದೊಂದನ್ನೂ ಹಳೆಯ ದಾನಿಗಳ ಪಟ್ಟಿಯೊಡನೆ ತಾಳೆ ಹಾಕಿದಾಗ 28 ಪಾವತಿ ಹಳೆಯ ದಾನಿಗಳದ್ದೇ ಎಂದು ಗೊತ್ತಾಯಿತು. ಅವರು ಜಾಹೀರಾತು ಇಲ್ಲದಿದ್ದರೂ ಕೊಡುತ್ತಿದ್ದರೇನೋ. ಅವರ ದೇಣಿಗೆ ಹೊಸ ದಾನಿಗಳ ಲೆಕ್ಕಕ್ಕೆ ಸೇರದು. ಇನ್ನೂ 12 ಪಾವತಿ ಅದೇ ಹೊಸ ದಾನಿಗಳ ಎರಡನೇ ಪಾವತಿ. ಗಂಡನ ಫೋನಿನಿಂದ ಒಂದು, ಹೆಂಡತಿಯ ಫೋನಿನಿಂದ ಒಂದು. ಅಥವಾ ಮೊದಲ ಸಲ ಪರದೆ ಸುತ್ತುತ್ತಲೇ ಇದ್ದುದರಿಂದ ಹೋಗಲಿಲ್ಲವೆಂದುಕೊಂಡು ಮತ್ತೆ ಒತ್ತಿದ್ದು. ಇಂಥವನ್ನು ‘ಮತ್ತೆ ಕೊಟ್ಟರು’ ಎಂದು ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಅಭಿಯಾನದ ತಿಂಗಳಲ್ಲೇ ಬಂದ ಎರಡನೇ ಪಾವತಿಯನ್ನು ಮೊದಲ ದೇಣಿಗೆಗೇ ಸೇರಿಸಿಬಿಡುವುದು ಒಳ್ಳೆಯ ರೂಢಿ. ಕೊನೆಗೆ ಉಳಿದ ಹೊಸ ದಾನಿಗಳು 600. ಮೂರು ಲಕ್ಷವನ್ನು 600ರಿಂದ ಭಾಗಿಸಿದರೆ ತಲಾ 500 ರೂಪಾಯಿ. ಮೊದಲ ಅಂಕಿಗಿಂತ ಮೂರನೇ ಒಂದು ಪಾಲು ಹೆಚ್ಚು.

ನಮ್ಮ ಕಾಲಕ್ಕೇ ವಿಶೇಷವಾದ ಇನ್ನೊಂದು ತೊಡಕೂ ಇದೆ. ಶಾಲೆಯ ಗೇಟಿನಲ್ಲಿ, ಮಾಲ್‌ನ ಮೇಜಿನ ಮೇಲೆ ಅಂಟಿಸಿದ ಕ್ಯುಆರ್ ಕೋಡ್‌ಗೆ ಜನ ಹಣ ಹಾಕಿ ಹೋಗುತ್ತಾರೆ. ಖಾತೆಗೆ ಹಣ ಬರುತ್ತದೆ. ಬ್ಯಾಂಕಿನ ಪಟ್ಟಿಯಲ್ಲಿ ಒಂದು ಯುಪಿಐ ಐಡಿ ಕಾಣಬಹುದು, ಅಷ್ಟೇ. ವಿಳಾಸವಿಲ್ಲ, ಫೋನ್ ಇಲ್ಲ. ಕೃತಜ್ಞತೆ ಹೇಳಲೂ ಆಗದು, ಮತ್ತೆ ಕೇಳಲೂ ಆಗದು. ಈ ಅಭಿಯಾನದಲ್ಲಿ ಹಾಗೆ ಬಂದದ್ದು 17,000 ರೂಪಾಯಿ. ಈ ಹಣಕ್ಕೆ ವರದಿಯಲ್ಲಿ ‘ಹೆಸರು ಸಿಗದ ದೇಣಿಗೆ’ ಎಂದು ಬೇರೆ ಸಾಲು ಬೇಕು. ಅದನ್ನು ತಲೆ ಎಣಿಸಿ ದಾನಿಗಳ ಸಂಖ್ಯೆಗೆ ಸೇರಿಸಿದರೆ ತಲಾ ಖರ್ಚು ಸುಳ್ಳಾಗಿ ಇಳಿಯುತ್ತದೆ, ಮತ್ತೆ ಕೊಟ್ಟವರ ಪ್ರಮಾಣವೂ ಸುಳ್ಳಾಗಿ ಇಳಿಯುತ್ತದೆ. ಈ 17,000ವನ್ನೂ, ಹಳೆಯ ದಾನಿಗಳು ಕೊಟ್ಟ 28,000ವನ್ನೂ ಕಳೆದರೆ ಆರು ಲಕ್ಷದಲ್ಲಿ ಹೊಸ ದಾನಿಗಳಿಂದ ಬಂದದ್ದು 5,55,000.

ಮಾಲ್‌ನ ಮೇಜಿಗೆ ಬರೋಣ. ಅಲ್ಲಿನ ಖರ್ಚು 4,50,000. ಜಾಗದ ಬಾಡಿಗೆ, ನಿಂತು ಮಾತಾಡುವ ಹುಡುಗ ಹುಡುಗಿಯರ ಸಂಬಳ, ಅವರನ್ನು ಕಳಿಸಿದ ಏಜೆನ್ಸಿಯ ಶುಲ್ಕ ಎಲ್ಲ ಸೇರಿ. ಏಜೆನ್ಸಿ ‘180 ಮಾಸಿಕ ದಾನಿಗಳನ್ನು ತಂದುಕೊಟ್ಟಿದ್ದೇವೆ’ ಎಂದಿತು. ಅಂದರೆ ತಲಾ 2,500. ಆದರೆ 180 ಎನ್ನುವುದು ತುಂಬಿಸಿದ ಅರ್ಜಿಗಳ ಸಂಖ್ಯೆ. ತಿಂಗಳಿಗೊಮ್ಮೆ ಖಾತೆಯಿಂದ ತಾನಾಗಿ ಹಣ ಹೋಗಬೇಕಾದರೆ ದಾನಿ ಬ್ಯಾಂಕಿಗೆ ಒಪ್ಪಿಗೆ ಕೊಡಬೇಕು. ಈ ಒಪ್ಪಿಗೆಯನ್ನು ಮ್ಯಾಂಡೇಟ್ ಎನ್ನುತ್ತಾರೆ. ಕೆಲವರ ಸಹಿ ಬ್ಯಾಂಕಿನ ದಾಖಲೆಗೆ ಹೊಂದಲಿಲ್ಲ, ಕೆಲವರು ಮನೆಗೆ ಹೋಗಿ ಮನಸ್ಸು ಬದಲಾಯಿಸಿದರು, ಕೆಲವರು ಯುಪಿಐ ಆ್ಯಪ್‌ನಲ್ಲಿ ಬಂದ ಕೋರಿಕೆಯನ್ನು ಒಪ್ಪಲೇ ಇಲ್ಲ. ಮೊದಲ ಕಂತು ನಿಜವಾಗಿ ಬಂದದ್ದು 150 ಜನರಿಂದ. ದಾನಿ ಎಂದು ಕರೆಯಬೇಕಾದದ್ದು ಇವರನ್ನು ಮಾತ್ರ. ಆಗ ತಲಾ ಖರ್ಚು 3,000. ಮೊದಲ ತಿಂಗಳು ಬಂದ ಹಣ 45,000.

ಮೂರನೆಯ ದಾರಿಯಲ್ಲಿ ಅಂಚೆ, ಮುದ್ರಣ, ಫೋನ್ ಮಾಡಿದ ಸಿಬ್ಬಂದಿಯ ಪಾಲು ಸೇರಿ 60,000 ಖರ್ಚು. ಬಂದ ಹೊಸಬರು 75. ತಲಾ 800. ಅವರ ಮೊದಲ ದೇಣಿಗೆ ಸರಾಸರಿ 1,200, ಒಟ್ಟು 90,000. ಜಾಹೀರಾತಿನ ದಾನಿಗಳ ಮೊದಲ ದೇಣಿಗೆ ಸರಾಸರಿ 700, ಒಟ್ಟು 4,20,000.

ಅಭಿಯಾನ ಮುಗಿದ ದಿನ ಲೆಕ್ಕ ನಿಂತದ್ದು ಹೀಗೆ: ಖರ್ಚು 8,10,000, ಹೊಸಬರಿಂದ ಬಂದದ್ದು 5,55,000. ಅಂದು ಸಭೆ ಸೇರಿದ್ದರೆ ತೀರ್ಮಾನ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಜಾಹೀರಾತು ಬಲು ಅಗ್ಗ, ಅದನ್ನು ದುಪ್ಪಟ್ಟು ಮಾಡಿ. ಮಾಲ್‌ನ ಮೇಜು ದಂಡ, ನಿಲ್ಲಿಸಿ. ಫೋನ್ ಮಾಡುವುದು ಚಿಲ್ಲರೆ ಕೆಲಸ, ಆದರೆ ಮಾಡಲಿ ಬಿಡಿ.

ಒಂದು ವರ್ಷ ಕಾಯೋಣ. ಆದರೆ ಯಾವ ವರ್ಷ?

ಇಲ್ಲಿ ವರದಿ ಬರೆಯುವವರು ಎಡವುವುದು ಹೆಚ್ಚು. ಲೆಕ್ಕಪತ್ರವೆಲ್ಲ ಏಪ್ರಿಲ್‌ನಿಂದ ಮಾರ್ಚ್‌ಗೆ ನಡೆಯುವುದರಿಂದ ‘ಈ ವರ್ಷ ಬಂದವರು ಮುಂದಿನ ವರ್ಷ ಕೊಟ್ಟರೇ’ ಎಂದು ನೋಡುವುದು ವಾಡಿಕೆ. ಆ ಪದ್ಧತಿಯಲ್ಲಿ ಮಾರ್ಚ್ 30ಕ್ಕೆ ಮೊದಲು ಕೊಟ್ಟು ಏಪ್ರಿಲ್ 5ಕ್ಕೆ ಮತ್ತೆ ಕೊಟ್ಟವರು ಉಳಿದ ದಾನಿ ಎನಿಸುತ್ತಾರೆ. ಏಪ್ರಿಲ್‌ನಲ್ಲಿ ಕೊಟ್ಟು, ಮುಂದಿನ ಮಾರ್ಚ್‌ನಲ್ಲಿ ಮತ್ತೆ ಕೊಟ್ಟು, ಆಮೇಲೆ ಒಂದು ವರ್ಷ ಸುಮ್ಮನಾದವರು ಕಳೆದುಹೋದ ದಾನಿ ಎನಿಸುತ್ತಾರೆ. ಹಾಗಾಗಿ ಪ್ರತಿಯೊಬ್ಬ ದಾನಿಗೂ ಅವರದೇ ಗಡಿಯಾರ ಇರಬೇಕು. ಅಕ್ಟೋಬರ್ 3ಕ್ಕೆ ಬಂದವರ ವರ್ಷ ಮುಂದಿನ ಅಕ್ಟೋಬರ್ 2ಕ್ಕೆ ಮುಗಿಯುತ್ತದೆ, 29ಕ್ಕೆ ಬಂದವರದ್ದು 28ಕ್ಕೆ. ಕೊನೆಯ ದಾನಿಯ ವರ್ಷ ತುಂಬುವವರೆಗೆ ಅಂತಿಮ ಅಂಕಿ ಬರೆಯಬಾರದು. ಮಾರ್ಚ್‌ನಲ್ಲಿ ಮಧ್ಯಂತರ ವರದಿ ಬೇಕೆಂದರೆ, ಹಿಂದಿನ ಅಭಿಯಾನದ ದಾನಿಗಳು ಅವರ ಐದನೇ ತಿಂಗಳಲ್ಲಿ ಎಲ್ಲಿದ್ದರು ಎನ್ನುವುದಕ್ಕೆ ಹೋಲಿಸಬೇಕು, ಅವರ ಪೂರ್ತಿ ವರ್ಷಕ್ಕಲ್ಲ.

ಮಾರ್ಚ್ ಎಂದಾಗ ಇನ್ನೊಂದು ಎಚ್ಚರ. ತೆರಿಗೆ ಉಳಿಸಲು ವರ್ಷದ ಕೊನೆಗೆ ದೇಣಿಗೆ ಕೊಡುವ ಪರಿಪಾಠ ನಮ್ಮಲ್ಲಿದೆ, 80ಜಿ ರಸೀದಿ ಎಂದರೆ ಸಂಬಳದಾರರಿಗೆಲ್ಲ ಗೊತ್ತು. ಆದರೆ 2023-24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಅದರಲ್ಲಿ ಸಂಬಳದಾರ ದಾನಿಗೆ ಈ ರಿಯಾಯಿತಿ ಇಲ್ಲ. ಹಳೆಯ ಪದ್ಧತಿಯನ್ನು ಕೇಳಿ ಆರಿಸಿಕೊಂಡವರಿಗೆ ಮಾತ್ರ ಸಿಗುತ್ತದೆ. ಆದ್ದರಿಂದ ಐದಾರು ವರ್ಷ ಹಿಂದಿನ ಮಾರ್ಚ್‌ಗೂ ಈಗಿನ ಮಾರ್ಚ್‌ಗೂ ನೇರ ಹೋಲಿಕೆ ಮಾಡಿ ‘ನಮ್ಮ ದಾನಿಗಳ ನಿಷ್ಠೆ ಕುಸಿಯಿತು’ ಎನ್ನುವುದು ಅವಸರದ ಮಾತಾಗುತ್ತದೆ.

ಈಗ ವರ್ಷ ತುಂಬಿತು. ಜಾಹೀರಾತು ನೋಡಿ ಬಂದ 600 ಜನರಲ್ಲಿ ಮತ್ತೆ ಕೊಟ್ಟವರು 60. ಶೇಕಡಾ 10. ಫೋನ್‌ನ ಮೂಲಕ ಬಂದ 75 ಜನರಲ್ಲಿ 30, ಅಂದರೆ ಶೇಕಡಾ 40. ಮಾಲ್‌ನ 150 ಜನರಲ್ಲಿ ಎರಡನೇ ತಿಂಗಳ ಕಂತು 135 ಜನರಿಂದ ಬಂದಿದೆ, ಶೇಕಡಾ 90. ಮೂರನ್ನೂ ಕೂಡಿಸಿದರೆ 825ರಲ್ಲಿ 225, ಅಂದರೆ ಶೇಕಡಾ 27. ಟ್ರಸ್ಟಿಗಳಿಗೆ ಹೋಗುವ ವರದಿಯಲ್ಲಿ ಈ 27 ದಪ್ಪಕ್ಷರದಲ್ಲಿ ಇರುತ್ತದೆ. ಅದು ಯಾರ ಬಗ್ಗೆಯೂ ಏನನ್ನೂ ಹೇಳದ ಅಂಕಿ. ಶೇಕಡಾ 27ರ ಹತ್ತಿರ ಇರುವ ಗುಂಪು ಈ ಮೂರರಲ್ಲಿ ಒಂದೂ ಇಲ್ಲ. ಮುಂದಿನ ವರ್ಷ ಮಾಲ್‌ನ ಮೇಜು ಕಡಿಮೆಯಾದರೆ ಈ ಅಂಕಿ ದಡಕ್ಕನೆ ಬೀಳುತ್ತದೆ, ಯಾವ ದಾನಿಯ ಮನಸ್ಸೂ ಬದಲಾಗದಿದ್ದರೂ.

ಮಾಸಿಕ ದಾನಿಯ ಎರಡನೇ ಕಂತು ಹೊಸ ನಿರ್ಧಾರವಲ್ಲ. ಅವರು ಒಮ್ಮೆ ಹೂಂ ಎಂದಿದ್ದಾರೆ, ಆಮೇಲಿನದು ಬ್ಯಾಂಕಿನ ಕೆಲಸ. ಅವರ ಬಗ್ಗೆ ಕೇಳಬೇಕಾದ ಪ್ರಶ್ನೆ ‘ಮತ್ತೆ ಕೊಟ್ಟರೇ’ ಎಂಬುದಲ್ಲ, ‘ಹನ್ನೆರಡನೇ ತಿಂಗಳಲ್ಲೂ ಇದ್ದಾರೆಯೇ’ ಎಂಬುದು. ನಮ್ಮ ಲೆಕ್ಕದಲ್ಲಿ ಹನ್ನೆರಡನೇ ಕಂತು ಕೊಟ್ಟವರು 75, ಅರ್ಧಕ್ಕರ್ಧ. ಮುಖಾಮುಖಿ ಸೇರಿಸಿದ ಮಾಸಿಕ ದಾನಿಗಳಲ್ಲಿ ಅರ್ಧದಷ್ಟು ಮಂದಿ ಮೊದಲ ವರ್ಷದಲ್ಲೇ ಬಿಟ್ಟುಹೋಗುವುದು ಹೊರದೇಶಗಳಲ್ಲೂ ಸಾಮಾನ್ಯ ಅನುಭವ. ಒಂದೇ ಸಲ ಕೊಡುವವರ ವಿಷಯದಲ್ಲೂ ಅಮೆರಿಕದ ದೇಣಿಗೆ ದಾಖಲೆಗಳ ಅಧ್ಯಯನಗಳು ಹೇಳುವುದು ಸಂತಸದ ಸಂಗತಿಯಲ್ಲ: ಮೊದಲ ಬಾರಿ ಕೊಟ್ಟವರಲ್ಲಿ ಮರುವರ್ಷ ಮತ್ತೆ ಕೊಡುವವರು ಸುಮಾರು ಐದರಲ್ಲಿ ಒಬ್ಬರು.

ಬಿಟ್ಟುಹೋದವರೆಲ್ಲ ಮನಸ್ಸು ಮುರಿದು ಹೋದವರಲ್ಲ, ಇದನ್ನು ಒತ್ತಿ ಹೇಳಬೇಕು. ಮಾಸಿಕ ಕಂತು ನಿಲ್ಲುವುದರಲ್ಲಿ ಎರಡು ಬಗೆ ಇದೆ. ದಾನಿ ತಾನೇ ಆ್ಯಪ್ ತೆರೆದು ಒಪ್ಪಿಗೆ ರದ್ದು ಮಾಡುವುದು ಒಂದು. ಖಾತೆಯಲ್ಲಿ ಹಣವಿಲ್ಲದೆ, ಕಾರ್ಡಿನ ಅವಧಿ ಮುಗಿದು, ಬ್ಯಾಂಕ್ ಬದಲಾಗಿ ಕಂತು ಬೀಳದೇ ಹೋಗುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ದಾನಿಗೆ ತಾನು ನಿಲ್ಲಿಸಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಬದಲಾಗಿ, ಕಾರ್ಡ್‌ಗಳಿಂದ ತಾನಾಗಿ ಹೋಗುವ ಹಣಕ್ಕೆ ಹೆಚ್ಚುವರಿ ದೃಢೀಕರಣ ಬೇಕಾಯಿತು, ಹಣ ಕಡಿತಕ್ಕೆ 24 ಗಂಟೆ ಮೊದಲು ತಿಳಿಸುವುದು ಕಡ್ಡಾಯವಾಯಿತು. ಗ್ರಾಹಕರಿಗೆ ಅದು ಒಳ್ಳೆಯದೇ. ಆದರೆ ಹಳೆಯ ಮ್ಯಾಂಡೇಟ್‌ಗಳು ಅನೇಕ ಕಡೆ ಒಂದೇ ಪೆಟ್ಟಿಗೆ ನಿಂತುಹೋದವು. ಆ ತಿಂಗಳು ಕಳೆದುಹೋದ ದಾನಿಗಳನ್ನು ‘ಆಸಕ್ತಿ ಕಳೆದುಕೊಂಡವರು’ ಎಂದು ಬರೆದುಕೊಂಡ ಸಂಸ್ಥೆ ತನ್ನ ದಾನಿಗಳನ್ನೇ ತಪ್ಪಾಗಿ ತಿಳಿದಂತೆ.

ಇವನ್ನು ಬೇರ್ಪಡಿಸುವುದು ಕಷ್ಟವಲ್ಲ. ಪಾವತಿ ಸೇವೆಯ ಕಂಪನಿ ಪ್ರತಿ ವಿಫಲ ಕಂತಿಗೂ ಕಾರಣ ಕೊಡುತ್ತದೆ. ಅದನ್ನು ತಿಂಗಳಿಗೊಮ್ಮೆ ಇಳಿಸಿಕೊಂಡು ನೋಡಬೇಕು, ಅಷ್ಟೇ. ನಮ್ಮ ಶಾಲೆಯ ಪಟ್ಟಿಯಲ್ಲಿ ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲ’ ಎಂಬ ಸಾಲು ಮತ್ತೆ ಮತ್ತೆ ಬಂತು ಎನ್ನಿ. ಕಂತಿನ ದಿನಾಂಕ ನೋಡಿದರೆ 28. ತಿಂಗಳ ಕೊನೆ, ಸಂಬಳ ಇನ್ನೂ ಬಂದಿಲ್ಲ. ದಿನಾಂಕವನ್ನು 5ಕ್ಕೆ ಇಟ್ಟು ಹೊಸ ಒಪ್ಪಿಗೆ ಪಡೆದರೆ ಎಷ್ಟೋ ಕಂತುಗಳು ಯಾರ ಮನಸ್ಸನ್ನೂ ಒಲಿಸದೆಯೇ ವಾಪಸು ಬರುತ್ತವೆ.

ತಾನಾಗಿ ನಿಲ್ಲಿಸಿದವರಿಗೆ ಫೋನ್ ಮಾಡಿದಾಗ ಕೇಳಿಬರುವುದು ಬೇರೆ. ‘ರಸೀದಿ ಬಂದದರಿ, ಅದರಾಗ ತಪ್ಪಿಲ್ಲ. ಆದ್ರ ನಾ ಕೊಟ್ಟ ರೊಕ್ಕದಾಗ ಆ ಕೂಸಿಗೆ ಮಷೀನ್ ಬಂತೋ ಇಲ್ಲೋ ಯಾರೂ ಹೇಳ್ಲಿಲ್ರಿ. ಮತ್ತ ರೊಕ್ಕ ಕೇಳೂ ಮೆಸೇಜ್ ಅಷ್ಟ ಬರ್ತಿದ್ವು.’ ಇಂಥ ಮಾತನ್ನು ವರದಿಯ ಅಂಕಿಗಳ ಪಕ್ಕದಲ್ಲೇ ಬರೆದಿಡಬೇಕು ಎಂದು ನನಗನಿಸುತ್ತದೆ. ಶೇಕಡಾ 10 ಎಂಬುದರ ಹಿಂದೆ ಏನಿದೆ ಎಂದು ಟ್ರಸ್ಟಿಗೆ ಅರ್ಥವಾಗುವುದು ಆಗಲೇ.

ಹಾಗಾದರೆ ಎಲ್ಲರಿಗೂ ಫೋನ್ ಮಾಡಿ ‘ಥ್ಯಾಂಕ್ಸ್’ ಹೇಳಿದರೆ ಮತ್ತೆ ಕೊಡುತ್ತಾರೆಯೇ? ದೇಣಿಗೆ ಸಂಗ್ರಹದ ಅನುಭವಿಗಳನ್ನು ಕೇಳಿದರೆ ಖಂಡಿತ ಹೌದು ಎನ್ನುತ್ತಾರೆ. ಅಮೆರಿಕದಲ್ಲಿ ಅನ್ಯಾ ಸಾಮೆಕ್ ಮತ್ತು ಚಕ್ ಲಾಂಗ್‌ಫೀಲ್ಡ್ ಎಂಬ ಇಬ್ಬರು ಇದನ್ನು ಪರೀಕ್ಷೆಗೆ ಒಡ್ಡಿದರು. ಐದು ಲಕ್ಷಕ್ಕೂ ಹೆಚ್ಚು ದಾನಿಗಳನ್ನು, ಅವರಲ್ಲಿ ಬಹುಪಾಲು ಸಾರ್ವಜನಿಕ ಟಿವಿ ವಾಹಿನಿಗಳಿಗೆ ಕೊಟ್ಟವರನ್ನು, ಆರು ವರ್ಷಗಳ ಅವಧಿಯಲ್ಲಿ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೃತಜ್ಞತೆಯ ಕರೆ ಮಾಡಿದರು, ಇನ್ನೊಂದಕ್ಕೆ ಮಾಡಲಿಲ್ಲ. ಮರುವರ್ಷ ಕೊಟ್ಟವರ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆ ಕರೆಗಳು ದೇಣಿಗೆ ಕೊಟ್ಟು ಕೆಲವು ತಿಂಗಳಾದ ಮೇಲೆ ಹೋದವು ಎಂಬುದನ್ನೂ ನೆನಪಿಡಬೇಕು. ಧಾರವಾಡದ ಶಾಲೆಯಿಂದ ಮರುದಿನವೇ ಹೋಗುವ ಕರೆಗೂ ಇದೇ ಫಲ ಎನ್ನಲಾಗದು. ಕೃತಜ್ಞತೆ ಹೇಳುವುದು ಸಭ್ಯತೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಮತ್ತೆ ಕೊಟ್ಟವರ ಪ್ರಮಾಣ ಏರಿದಾಗ ‘ನಮ್ಮ ಕರೆಯಿಂದಲೇ’ ಎಂದು ವರದಿಯಲ್ಲಿ ಬರೆಯುವ ಮೊದಲು, ಕರೆ ಹೋಗದ ಗುಂಪೊಂದನ್ನು ಪಕ್ಕದಲ್ಲಿ ಇಟ್ಟಿರಬೇಕು.

ಸಣ್ಣ ಸಂಸ್ಥೆಗೆ ಇಲ್ಲೂ ಮಿತಿ ಇದೆ. 600 ಜನರನ್ನು ಮುನ್ನೂರು ಮುನ್ನೂರಾಗಿ ಒಡೆದು, ಒಂದರಲ್ಲಿ 30, ಇನ್ನೊಂದರಲ್ಲಿ 39 ಜನ ಮತ್ತೆ ಕೊಟ್ಟರು ಎಂದರೆ, ಆ ಒಂಬತ್ತು ಜನರ ಅಂತರ ಬರೀ ಅದೃಷ್ಟದಿಂದಲೂ ಬರಬಹುದು. ಇಷ್ಟಕ್ಕೇ ತೀರ್ಮಾನ ಮಾಡದೆ ಇನ್ನೊಂದು ಅಭಿಯಾನದಲ್ಲೂ ಅದೇ ಪ್ರಯೋಗ ಮಾಡಿ ನೋಡುವುದು ಲೇಸು.

ಇನ್ನು ಮೂರನೇ ಅಂಕಿ, ಮೊದಲ ವರ್ಷದ ಮೌಲ್ಯ. ಒಬ್ಬ ದಾನಿ ತನ್ನ ಮೊದಲ ಹನ್ನೆರಡು ತಿಂಗಳಲ್ಲಿ ಕೊಟ್ಟ ಎಲ್ಲ ಹಣ, ಮೊದಲ ದೇಣಿಗೆಯೂ ಸೇರಿ. ಗುಂಪಿನ ಒಟ್ಟು ಹಣವನ್ನು ಆರಂಭದಲ್ಲಿ ಬಂದ ಎಲ್ಲರ ಸಂಖ್ಯೆಯಿಂದ ಭಾಗಿಸಬೇಕು. ಉಳಿದವರ ಸಂಖ್ಯೆಯಿಂದ ಭಾಗಿಸಿದರೆ ಅಂಕಿ ಚೆನ್ನಾಗಿ ಕಾಣುತ್ತದೆ, ಆದರೆ ಬಿಟ್ಟುಹೋದವರನ್ನು ತರಲೂ ಖರ್ಚಾಗಿದೆಯಲ್ಲ.

ಜಾಹೀರಾತಿನ 600 ಜನರ ಮೊದಲ ದೇಣಿಗೆ 4,20,000. ಮತ್ತೆ ಕೊಟ್ಟ 60 ಜನರಿಂದ 54,000. ಒಟ್ಟು 4,74,000, ತಲಾ 790 ರೂಪಾಯಿ. ತಂದ ಖರ್ಚು 500 ಕಳೆದರೆ ಉಳಿದದ್ದು 290. ಫೋನ್‌ನ ಮೂಲಕ ಬಂದ 75 ಜನರ ಮೊದಲ ದೇಣಿಗೆ 90,000, ಎರಡನೆಯದು 45,000, ತಲಾ 1,800. ಖರ್ಚು 800 ಕಳೆದರೆ 1,000. ತಲಾ ಖರ್ಚು ಜಾಹೀರಾತಿಗಿಂತ ಹೆಚ್ಚಿದ್ದ ದಾರಿ ಒಬ್ಬೊಬ್ಬರ ಮೇಲೆ ಮೂರುಪಟ್ಟಿಗಿಂತ ಹೆಚ್ಚು ಉಳಿಸಿಕೊಟ್ಟಿತು.

ಮಾಲ್‌ನ ಲೆಕ್ಕ ಇನ್ನೂ ತಾಳ್ಮೆ ಬೇಡುತ್ತದೆ. 150ರಿಂದ 75ಕ್ಕೆ ಇಳಿಯುತ್ತ ಹೋದ ವರ್ಷದಲ್ಲಿ ಒಟ್ಟು ಬಂದ ಕಂತು 1,260. ತಲಾ 300ರಂತೆ 3,78,000. ಒಬ್ಬ ದಾನಿಗೆ 2,520. ಖರ್ಚು 3,000. ವರ್ಷ ಕಳೆದರೂ ತಲಾ 480 ರೂಪಾಯಿ ಕೈಬಿಟ್ಟಿದೆ. ಇಲ್ಲಿಗೆ ನಿಲ್ಲಿಸಿದರೆ ಮೇಜು ಸೋತಂತೆಯೇ. ಆದರೆ ಹನ್ನೆರಡನೇ ತಿಂಗಳಲ್ಲೂ 75 ಜನ ಇದ್ದಾರೆ, ತಿಂಗಳಿಗೆ ಸುಮಾರು 22,500 ಬರುತ್ತಿದೆ. ಒಟ್ಟು ಕೊರತೆ 72,000. ಇನ್ನಷ್ಟು ಜನ ಬಿಟ್ಟುಹೋಗುತ್ತಾರೆ ಎಂದುಕೊಂಡರೂ ಹದಿನಾರನೇ ತಿಂಗಳಿಗೆ ಹಾಕಿದ ಹಣ ವಾಪಸಾಗುತ್ತದೆ. ಅಲ್ಲಿಂದ ಮುಂದೆ ಬರುವ ಬಹುಪಾಲು ಹಣ ಮಕ್ಕಳಿಗೆ. ಶಿಕ್ಷಕಿಯ ಸಂಬಳದಂಥ ತಿಂಗಳು ತಿಂಗಳ ಖರ್ಚಿಗೆ ಇಂಥ ಹಣವೇ ಬೇಕು. ಆದರೆ ನಾಲ್ಕೂವರೆ ಲಕ್ಷವನ್ನು ಹದಿನಾರು ತಿಂಗಳು ಕಟ್ಟಿಹಾಕಲು ಶಾಲೆಯ ಕೈಯಲ್ಲಿ ಹಣ ಇದೆಯೇ ಎನ್ನುವುದು ಬೇರೆಯದೇ ಪ್ರಶ್ನೆ. ಬ್ಯಾಟರಿಗೇ ಹಣವಿಲ್ಲದ ಸಂಸ್ಥೆ ಇದಕ್ಕೆ ಕೈ ಹಾಕಬಾರದು.

ಸರಾಸರಿ ಅಂಕಿ ಓದುವಾಗ ಒಂದು ಮೋಸ ಗಮನಿಸಬೇಕು. ಫೋನ್‌ನಿಂದ ಬಂದ 75 ಜನರಲ್ಲಿ ಯಾರೋ ಒಬ್ಬರು ತಂದೆಯ ನೆನಪಿಗೆ ಇನ್ನೂ 50,000 ಕೊಟ್ಟರು ಎನ್ನಿ. ತಲಾ ಮೌಲ್ಯ ಒಮ್ಮೆಲೇ 1,800ರಿಂದ ಸುಮಾರು 2,470ಕ್ಕೆ ಜಿಗಿಯುತ್ತದೆ. ಉಳಿದ 74 ಜನರಲ್ಲಿ ಏನೂ ಬದಲಾಗಿಲ್ಲ. ಅಂಥ ದೊಡ್ಡ ದೇಣಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿ, ಅದಿಲ್ಲದ ಸರಾಸರಿಯನ್ನೇ ಹೋಲಿಕೆಗೆ ಬಳಸಬೇಕು.

ಎಲ್ಲ ಕೂಡಿಸಿದರೆ ವರ್ಷದಲ್ಲಿ ಬಂದದ್ದು 9,87,000, ಖರ್ಚು 8,10,000. ಅಭಿಯಾನ ಮುಗಿದ ದಿನ ಎರಡೂವರೆ ಲಕ್ಷದಷ್ಟು ನಷ್ಟದಲ್ಲಿದ್ದದ್ದು ಈಗ 1,77,000 ಉಳಿಕೆಯಲ್ಲಿದೆ. ದೇಣಿಗೆ ಕೊಡುವ ಓದುಗರಿಗೆ ಇಲ್ಲಿ ಮುಜುಗರವಾಗಬಹುದು: ಹತ್ತು ಲಕ್ಷ ತರಲು ಎಂಟು ಲಕ್ಷ ಖರ್ಚೇ? ಪ್ರಶ್ನೆ ನ್ಯಾಯವಾದದ್ದು. ಆದರೆ ಇದು ಹೊಸಬರನ್ನು ಹುಡುಕಿದ ಖರ್ಚು ಮಾತ್ರ. ಹಳೆಯ ದಾನಿಗಳಿಂದ ಬರುವ ಹಣಕ್ಕೆ ಇದರ ಸಣ್ಣ ಪಾಲೂ ತಗುಲುವುದಿಲ್ಲ. ಸಂಸ್ಥೆಯೊಂದಕ್ಕೆ ಕೇಳಬೇಕಾದದ್ದು, ಹೋದ ವರ್ಷ ಹೀಗೆ ತಂದವರಲ್ಲಿ ಎಷ್ಟು ಜನ ಇಂದಿಗೂ ನಿಮ್ಮ ಜೊತೆ ಇದ್ದಾರೆ ಎಂದು. ವರದಿ ಸರಿಯಾಗಿ ಇಟ್ಟವರು ತಡವರಿಸದೆ ಉತ್ತರಿಸುತ್ತಾರೆ.

ಹಾಗಾದರೆ ಮುಂದಿನ ಅಕ್ಟೋಬರ್‌ಗೆ ಶಾಲೆ ಏನು ಮಾಡಬೇಕು? ಫೋನ್‌ನ ದಾರಿ ಇಷ್ಟು ಚೆನ್ನಾಗಿದ್ದರೆ ಎಲ್ಲ ಹಣವನ್ನೂ ಅಲ್ಲೇ ಹಾಕಿ ಎನಿಸುತ್ತದೆ. ಆದರೆ ಹಳೆಯ ದಾನಿಗಳ ಬಳಗ ಅಷ್ಟೇ ಇದೆ. ಆಪ್ತರಾದವರು ಮೊದಲ ವರ್ಷವೇ ಬಂದಾಗಿದೆ, ಇನ್ನು ಸಿಗುವವರು ದೂರದ ಪರಿಚಯದವರು. ಜಾಹೀರಾತಿನಲ್ಲೂ ಹೀಗೆಯೇ. ಮೂರು ಲಕ್ಷಕ್ಕೆ 600 ಜನ ಬಂದರೆಂದು ಆರು ಲಕ್ಷಕ್ಕೆ 1,200 ಜನ ಬರುವುದಿಲ್ಲ, ಏಕೆಂದರೆ ಬೇಗ ಕರಗುವವರ ಮುಂದೆ ಜಾಹೀರಾತು ಮೊದಲೇ ಹೋಗಿರುತ್ತದೆ. ಆರು ಲಕ್ಷಕ್ಕೆ 900 ಜನ ಬಂದರು ಎನ್ನಿ. ಆಗ ಸರಾಸರಿ ತಲಾ ಖರ್ಚು 667, ಅವರ ಮೌಲ್ಯ 790ಕ್ಕಿಂತ ಕಡಿಮೆ, ಪರವಾಗಿಲ್ಲ ಎನಿಸುತ್ತದೆ. ಆದರೆ ಹೆಚ್ಚುವರಿ ಮೂರು ಲಕ್ಷ ತಂದದ್ದು ಬರೀ 300 ಜನರನ್ನು, ಒಬ್ಬೊಬ್ಬರಿಗೂ 1,000 ರೂಪಾಯಿ ಕೊಟ್ಟು. ಆ 300 ಜನರ ಮೇಲೆ ತಲಾ 210 ನಷ್ಟ. ಸರಾಸರಿ ಅದನ್ನು ಮುಚ್ಚಿಡುತ್ತದೆ. ಆದ್ದರಿಂದ ಹಣ ಹೆಚ್ಚಿಸುವಾಗ ಐವತ್ತು ಐವತ್ತು ಸಾವಿರವಾಗಿ ಹೆಚ್ಚಿಸಿ, ಪ್ರತಿ ಹೊಸ ಕಂತು ಎಷ್ಟು ಜನರನ್ನು ತಂದಿತು ಎಂದು ಬೇರೆಯಾಗಿ ಬರೆಯಬೇಕು.

ನಾನಾದರೆ ಜಾಹೀರಾತಿನ ಮೂರು ಲಕ್ಷದಲ್ಲಿ ಐವತ್ತು ಸಾವಿರ ತೆಗೆದು, ಈಗಾಗಲೇ ಬಂದಿರುವ 600 ಜನರಿಗೆ ಮೂರನೇ ತಿಂಗಳು ಮತ್ತು ಆರನೇ ತಿಂಗಳು ಮಕ್ಕಳ ಸುದ್ದಿ ಕಳಿಸಲು ಇಡುತ್ತೇನೆ. ಯಾವ ಮಗುವಿಗೆ ಯಾವ ಸಾಧನ ಬಂತು, ಅದು ಈಗ ಯಾವ ಶಬ್ದ ಗುರುತಿಸುತ್ತದೆ ಎಂದು, ಹಣ ಕೇಳದೆ. ಅವರಲ್ಲಿ ನೂರು ಜನರಿಗೆ ಮಾತ್ರ, ಚೀಟಿ ಎತ್ತಿ, ಆ ಸುದ್ದಿ ಕಳಿಸದೆ ಬಿಟ್ಟು ಹೋಲಿಸುತ್ತೇನೆ. ಮಾಲ್‌ನ ಏಜೆನ್ಸಿಯ ಕರಾರಿನಲ್ಲಿ ಎರಡು ಮಾತು ಬದಲಿಸುತ್ತೇನೆ: ಶುಲ್ಕ ಅರ್ಜಿಗಲ್ಲ, ಬಂದ ಮೊದಲ ಕಂತಿಗೆ, ಮೂರು ತಿಂಗಳೊಳಗೆ ಕಂತು ನಿಂತ ದಾನಿಯ ಶುಲ್ಕ ವಾಪಸು. ಏಜೆನ್ಸಿಗಳು ಇದಕ್ಕೆ ಒಪ್ಪುತ್ತವೆ, ಕೇಳುವವರು ಬೇಕು. ಮೇಜಿನ ಹುಡುಗರಿಗೂ ಆಗ ಬಲವಂತದಿಂದ ಸಹಿ ಹಾಕಿಸುವ ಒತ್ತಡ ಇರುವುದಿಲ್ಲ. ಕಂತಿನ ದಿನಾಂಕ 5. ಕ್ಯುಆರ್ ಪಕ್ಕದಲ್ಲಿ ಹೆಸರು, ಫೋನ್ ನಂಬರ್ ಬರೆಯಲು ಒಂದು ಪುಸ್ತಕ, ಪೆನ್ನು.

ವರದಿಯನ್ನು ಟ್ರಸ್ಟಿಗಳ ಮುಂದೆ ಇಡುವ ದಿನವನ್ನೂ ಬದಲಿಸಬೇಕಾಗುತ್ತದೆ. ಈ ಅಕ್ಟೋಬರ್ 31ಕ್ಕೆ ಬರೀ ತಲಾ ಖರ್ಚು, ಹೊಸ ದಾನಿಗಳ ಸಂಖ್ಯೆ. ಜನವರಿ ಕೊನೆಗೆ ಮಾಸಿಕ ಕಂತುಗಳಲ್ಲಿ ಎಷ್ಟು ನಿಂತವು, ಯಾವ ಕಾರಣಕ್ಕೆ. ಮುಂದಿನ ವರ್ಷದ ನವೆಂಬರ್ ಮೊದಲ ವಾರದಲ್ಲಿ, ಕೊನೆಯ ದಾನಿಯ ವರ್ಷ ತುಂಬಿದ ಮೇಲೆ, ಮೂರೂ ದಾರಿಗಳ ಮೂರೂ ಅಂಕಿಗಳು ಒಂದೇ ಹಾಳೆಯಲ್ಲಿ. ಅಷ್ಟರಲ್ಲಿ ಇನ್ನೊಂದು ಅಭಿಯಾನ ಮುಗಿದಿರುತ್ತದೆ, ಅದರ ಅಂಕಿಗಳನ್ನು ಈ ಹಾಳೆಗೆ ಬೆರೆಸಬಾರದು.